ಕಟ್ಟಡದ ಖರ್ಚು ಮತ್ತು ಒಂದು ಬಾಗಿದ ಗೆರೆ

ಪರಸ್ಥಳದಲ್ಲಿ ನಾವು ಕನ್ನಡಿಗರು ಒಂದು ಸಂಘ ಕಟ್ಟಿದೆವೆಂದರೆ, ಕೆಲವು ವರ್ಷಗಳಲ್ಲಿಯೇ ಸ್ವಂತ ಕಟ್ಟಡದ ಮಾತು ಏಳುತ್ತದೆ. ಚಂದಾ ಕೂಡಿಸುತ್ತೇವೆ, ಅಂದಾಜುಪಟ್ಟಿ ಮಾಡಿಸುತ್ತೇವೆ. ಆದರೆ ಕೆಲಸ ನಡೆಯುತ್ತಿರುವಾಗ ಖರ್ಚು ಸರಿದಾರಿಯಲ್ಲಿದೆಯೇ ಎಂಬುದನ್ನು ಒಟ್ಟು ಅಂದಾಜೊಂದೇ ತಿಳಿಸಲಾರದು. ಯಾವ ತಿಂಗಳಿಗೆ ಎಷ್ಟು ಎಂಬ ಲೆಕ್ಕವೂ ಬೇಕು.

ಎರಡಂತಸ್ತಿನ ಸಭಾಭವನವೊಂದಕ್ಕೆ 60 ಲಕ್ಷ ರೂಪಾಯಿ, 12 ತಿಂಗಳು ಎಂದು ಗೊತ್ತುಮಾಡಿದ್ದೇವೆಂದು ಇಟ್ಟುಕೊಳ್ಳೋಣ. ತಳಪಾಯ, ಕಂಬ, ತಾರಸಿ, ಗೋಡೆ, ಬಣ್ಣ ಹೀಗೆ ಕೆಲಸಗಳನ್ನು ಬಿಡಿಸಿ, ಒಂದೊಂದರ ವೆಚ್ಚವನ್ನೂ ಅದು ನಡೆಯುವ ತಿಂಗಳುಗಳಿಗೆ ಹಂಚಬೇಕು. ಆಗ ತಿಂಗಳುವಾರು ಮೊತ್ತ ಲಕ್ಷಗಳಲ್ಲಿ 1, 2, 3, 5, 7, 9, 9, 8, 6, 5, 3, 2 ಎಂದು ಬಂದಿತೆನ್ನೋಣ. ಇವನ್ನು ಕೂಡುತ್ತ ಹೋದರೆ 1, 3, 6, 11, 18, 27 ಎಂದು ಏರಿ ಕಡೆಗೆ 60 ಆಗುತ್ತದೆ.

ಚೌಕಳಿ ಕಾಗದದ ಮೇಲೆ ತಿಂಗಳುಗಳನ್ನು ಅಡ್ಡಕ್ಕೂ ಕೂಡಿದ ಮೊತ್ತವನ್ನು ಮೇಲಕ್ಕೂ ಗುರುತಿಸಿ ಚುಕ್ಕೆಗಳನ್ನು ಸೇರಿಸಿದರೆ, ಇಂಗ್ಲಿಷಿನ ಎಸ್ ಅಕ್ಷರವನ್ನು ಓರೆಯಾಗಿ ಎಳೆದಂತೆ ಕಾಣುತ್ತದೆ. ಮೊದಲು ಅಗೆತವೇ ಹೆಚ್ಚು. ಆಳುಗಳು ಕಡಿಮೆ, ಖರ್ಚೂ ಕಡಿಮೆ. ನಡುವೆ ಕಬ್ಬಿಣ, ಸಿಮೆಂಟು, ಗೋಡೆ, ನಲ್ಲಿ, ವಿದ್ಯುತ್ತು ಎಲ್ಲವೂ ಒಟ್ಟಿಗೆ ನಡೆಯುವುದರಿಂದ ಗೆರೆ ಕಡಿದಾಗಿ ಏರುತ್ತದೆ. ಕಡೆಯಲ್ಲಿ ಬಣ್ಣ, ಸಣ್ಣಪುಟ್ಟ ದುರಸ್ತಿಗಳು ಉಳಿದು ಮತ್ತೆ ಚಪ್ಪಟೆಯಾಗುತ್ತದೆ. ಸಭೆ ಒಪ್ಪಿದ ಈ ಗೆರೆಯೇ ಮೂಲ ವೆಚ್ಚರೇಖೆ. ಸಭೆಯೇ ಹೊಸ ಕೆಲಸವನ್ನು ಮಂಜೂರು ಮಾಡಿದ ಹೊರತು ಇದನ್ನು ತಿದ್ದಬಾರದು. ಖರ್ಚಿಗೆ ಸರಿಹೊಂದುವಂತೆ ತಿದ್ದುವುದಾದರೆ ರೇಖೆ ಇದ್ದೂ ಇಲ್ಲದಂತೆ.

ಆರನೆಯ ತಿಂಗಳ ಕೊನೆಗೆ ರೇಖೆ 27 ಲಕ್ಷ ತೋರಿಸುತ್ತದೆ. ನಿಜವಾಗಿ ಆದ ಖರ್ಚು 22 ಲಕ್ಷ. ಖಜಾಂಚಿಗಳು "ಐದು ಲಕ್ಷ ಉಳಿಯಿತು" ಎಂದರೆ ನಾವು ಚಪ್ಪಾಳೆ ತಟ್ಟುವುದು ಸಹಜ. ಆದರೆ ಮೋಸ ಇರುವುದು ಇಲ್ಲಿಯೇ. ಎರಡನೆಯ ತಾರಸಿಗೆ ಕಾಂಕ್ರೀಟು ಬೀಳಬೇಕಾಗಿದ್ದ ವೇಳೆಗೆ ಅದರ ಕಂಬಗಳೇ ಎದ್ದಿಲ್ಲದಿರಬಹುದು. ಆದ್ದರಿಂದ ಆದ ಕೆಲಸವನ್ನು ಅಳೆಯಿಸಿ, ಅಂದಾಜುಪಟ್ಟಿಯ ದರದಲ್ಲಿಯೇ ಬೆಲೆ ಕಟ್ಟಬೇಕು. ಅದು 18 ಲಕ್ಷವಾಯಿತೆನ್ನಿ.

ಈಗ ಚಿತ್ರ ತಿರುಗುತ್ತದೆ. 18 ಲಕ್ಷದ ಕೆಲಸಕ್ಕೆ 22 ಲಕ್ಷ ಹೋಗಿದೆ. ಉಳಿತಾಯವಲ್ಲ, 4 ಲಕ್ಷ ಹೆಚ್ಚು. ರೇಖೆಯಲ್ಲಿ 18 ಇದ್ದುದು ಐದನೆಯ ತಿಂಗಳ ಕೊನೆಗೆ. ಅಂದರೆ ಕೆಲಸ ಒಂದು ತಿಂಗಳು ಹಿಂದಿದೆ. ಹೀಗೆಯೇ ಸಾಗಿದರೆ ಕಟ್ಟಡ ಮುಗಿಯುವಾಗ ಸುಮಾರು 73 ಲಕ್ಷ ಬೇಕಾದೀತು.

ಇದರಲ್ಲಿ ಎರಡು ಎಚ್ಚರಗಳಿವೆ. ಗುತ್ತಿಗೆದಾರರ ಬಿಲ್ಲು ತಡವಾಗಿ ಬರುತ್ತದೆ. ಕೊಡಬೇಕಾದುದನ್ನೂ ಖರ್ಚಿಗೆ ಸೇರಿಸಬೇಕು. ಸಾಮಾನಿಗೆ ಕೊಟ್ಟ ಮುಂಗಡವನ್ನು ಮುಗಿದ ಕೆಲಸವೆಂದು ಎಣಿಸಬಾರದು. ತಿಂಗಳ ಸಭೆಯಲ್ಲಿ ಯೋಜಿಸಿದ್ದೆಷ್ಟು, ಖರ್ಚಾದದ್ದೆಷ್ಟು, ಆದ ಕೆಲಸದ ಬೆಲೆಯೆಷ್ಟು ಎಂದು ಮೂರನ್ನೂ ಒಂದೇ ಕಾಗದದಲ್ಲಿ ಕೇಳೋಣ. ಆರನೆಯ ತಿಂಗಳಲ್ಲಿ ಕಂಡ ಕೊರತೆಗೆ ಇನ್ನೂ ಚಂದಾ ಎತ್ತಬಹುದು, ಕೆಲಸವನ್ನು ಮೊಟಕುಗೊಳಿಸಬಹುದು. ಹನ್ನೊಂದನೆಯ ತಿಂಗಳಲ್ಲಿ ಕಂಡರೆ ಸಾಲವೊಂದೇ ಗತಿ.