ಹತ್ತನೆಯ ವರ್ಷದ ಮೂರು ಸಾಲು

ದೊಡ್ಡವರಿಗೆ ಮರ್ಯಾದೆ ಕೊಡುವುದನ್ನು ನಮ್ಮ ಕನ್ನಡ ಕ್ರಿಯಾಪದದ ತುದಿಯಲ್ಲಿಯೇ ಕಲಿಸಿಬಿಡುತ್ತದೆ. ‘ಬಂದ’ ಎನ್ನುವೆಡೆ ‘ಬಂದರು’ ಎಂದರಾಯಿತು, ‘ನೀನು’ ಎನ್ನುವೆಡೆ ‘ನೀವು’ ಎಂದರಾಯಿತು. ಜಪಾನೀ ಭಾಷೆಯಲ್ಲಿಯೂ ಗೌರವದ ರೂಪಗಳು ಹೇರಳವಾಗಿವೆ. ಆದಕಾರಣ ಅದನ್ನು ಕಲಿಯಹೊರಟ ಕನ್ನಡಿಗನಿಗೆ ಇದು ತಾನು ಬಲ್ಲ ದಾರಿಯೇ ಎಂದು ತೋರುತ್ತದೆ. ಎಡವುವುದೂ ಅಲ್ಲಿಯೇ.

ಜಪಾನೀಯನೊಬ್ಬನ ಕೈಹಿಡಿದು ಆ ದೇಶದಲ್ಲಿಯೇ ಸಂಸಾರ ಹೂಡಿರುವ ಕನ್ನಡದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮದುವೆಯಾಗಿ ಹತ್ತು ವರ್ಷ ತುಂಬುವ ದಿನ ಗಂಡನಿಗೆ ಒಂದು ಕಾರ್ಡು ಬರೆದುಕೊಡಬೇಕೆಂದು ಆಕೆಯ ಆಸೆ. ಮನೆಯಲ್ಲಿ ಆಡುವುದು ಜಪಾನೀ ಮಾತೇ. ಆದರೆ ಬರೆಯಲು ಕುಳಿತಾಗ ಕೈಹಿಡಿದು ನಡೆಸುವುದು ತವರಿನ ಭಾಷೆಯ ಸಂಸ್ಕಾರ. ಆಕೆ ಹೀಗೆ ಬರೆಯುತ್ತಾಳೆನ್ನಿ: “ಕೆಕ್ಕೊನ್ ಕಿನೆನ್‌ಬಿ ಒಮೆದೆತೋ ಗೊಜಾಇಮಸು. ಜೂನೆನ್‌ಕಾನ್ ತಸುಕೆತೆ ಕುದಸಾಇಮಶಿತೆ, ಅರಿಗತೋ ಗೊಜಾಇಮಶಿತಾ. ಕೊಂಗೊ ತೊಮೊ ಯೊರೊಶಿಕು ಒನೆಗಾಇ ಮೋಶಿಅಗೆಮಸು.” ವಿವಾಹದ ವಾರ್ಷಿಕ ದಿನದ ಅಭಿನಂದನೆಗಳು, ಹತ್ತು ವರ್ಷಗಳ ಕಾಲ ತಾವು ನೆರವಾದುದಕ್ಕೆ ಕೃತಜ್ಞತೆಗಳು, ಇನ್ನು ಮುಂದೆಯೂ ತಮ್ಮ ಕೃಪೆಯನ್ನು ಬೇಡಿಕೊಳ್ಳುತ್ತೇನೆ ಎಂದು ಇದರ ಭಾವ.

ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಇದನ್ನು ಓದಿದ ಗಂಡನಿಗೆ, ವ್ಯಾಪಾರದ ಮನೆಯೊಂದು ಹಳೆಯ ಗಿರಾಕಿಗೆ ಬರೆದ ಪತ್ರದಂತೆ ಕಂಡೀತು. ಅಷ್ಟೇ ಅಲ್ಲ, ನಡುವಿನ ಸಾಲನ್ನು ಓದಿ ಎದೆ ಧಸಕ್ಕೆಂದರೂ ಆಶ್ಚರ್ಯವಿಲ್ಲ.

ಕಾರಣವನ್ನು ಕನ್ನಡದ ಕಡೆಯಿಂದ ನೋಡಿದರೆ ಸುಲಭವಾಗಿ ತಿಳಿದೀತು. ನಮ್ಮಲ್ಲಿ ಗೌರವವೆಂಬುದು ವ್ಯಕ್ತಿಗೆ ಅಂಟಿಕೊಂಡಿರುವಂಥದು. ‘ನಮ್ಮ ಯಜಮಾನರು ಹೇಳಿದ್ದಾರೆ’ ಎಂದು ಗೃಹಿಣಿ ನೆರೆಮನೆಯವಳಿಗೂ ಹೇಳುತ್ತಾಳೆ, ಗಂಡನ ಕಚೇರಿಯ ಮೇಲಧಿಕಾರಿಗೂ ಹೇಳುತ್ತಾಳೆ. ಕೇಳುವವರು ಯಾರೇ ಆಗಲಿ, ಯಜಮಾನರ ಬಹುವಚನ ಕದಲುವುದಿಲ್ಲ. ಜಪಾನೀ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ‘ಉಚಿ’ ಮತ್ತು ‘ಸೊತೊ’, ಎಂದರೆ ಒಳಗಿನವರು ಮತ್ತು ಹೊರಗಿನವರು, ಎಂಬ ಗೆರೆಯೊಂದು ಮಾತಿನ ನಡುವೆ ಹಾದುಹೋಗಿರುತ್ತದೆ. ಗಂಡ ಒಳಗಿನವನು. ಆದ್ದರಿಂದ ಹೊರಗಿನ ಅಧಿಕಾರಿಯೊಡನೆ ಮಾತನಾಡುವಾಗ ಹೆಂಡತಿ ಗಂಡನ ಕ್ರಿಯೆಗೆ ಗೌರವದ ರೂಪವನ್ನು ಹಚ್ಚಳು. ತನ್ನ ಕ್ರಿಯೆಗೆ ಬಳಸುವ ವಿನಯದ ರೂಪವನ್ನೇ ಅವನದಕ್ಕೂ ಬಳಸುವಳು. ಅಲ್ಲಿನ ಮಾತು ಅಳೆಯುವುದು ವ್ಯಕ್ತಿಯ ಎತ್ತರವನ್ನು ಮಾತ್ರವಲ್ಲ, ಅವನಿಗೂ ನಮಗೂ ನಡುವಣ ದೂರವನ್ನು. ‘ಕುದಸಾಇಮಶಿತೆ’, ‘ಮೋಶಿಅಗೆಮಸು’ ಎಂಬ ಎತ್ತರದ ರೂಪಗಳನ್ನು ಗಂಡನ ಮೇಲೆ ಹೇರಿದೊಡನೆ ಆತ ಗೆರೆಯಾಚೆಗೆ, ಅಂಗಳಕ್ಕೆ, ಹೋಗಿ ನಿಂತಂತಾಯಿತು. ಗೌರವವೆಂದು ಕೊಟ್ಟದ್ದು ಅಂತರವಾಗಿ ತಲುಪಿತು.

ಹಾಗಾದರೆ ಯಾವ ಮಟ್ಟ ಸರಿ? ಮನೆಯ ಮಾತು ಸಾಮಾನ್ಯವಾಗಿ ಯಾವ ಅಲಂಕಾರವೂ ಇಲ್ಲದ ಸರಳ ರೂಪದ್ದು. ಅದರ ಮೇಲಿನ ಮೆಟ್ಟಿಲು ‘ದೆಸು’, ‘ಮಸು’ ಎಂದು ಮುಗಿಯುವ ಸಭ್ಯ ರೂಪ. ಅದಕ್ಕೂ ಮೇಲಿನದು ಗೌರವ ಮತ್ತು ವಿನಯಗಳ ವಿಶೇಷ ರೂಪ. ಕಾರ್ಡಿಗೆ ಮನೆಯ ಮಾತೇ ಸಾಕು. ದಿನದ ವಿಶೇಷಕ್ಕೆಂದು ಒಂದು ಮೆಟ್ಟಿಲು ಏರಿ ‘ದೆಸು’, ‘ಮಸು’ಗಳಲ್ಲಿ ಬರೆದರೂ ಚೆನ್ನ. ದಿನವೂ ಸಲಿಗೆಯಿಂದ ಮಾತನಾಡುವವಳು ಅಂದು ಕೊಂಚ ನೇರವಾಗಿ ಕುಳಿತು ಬರೆದಳೆಂಬ ಭಾವ ಅದರಿಂದ ಹುಟ್ಟುತ್ತದೆ. ಎರಡು ಮೆಟ್ಟಿಲು ಏರಿದರೆ ಮನೆಯಿಂದ ಹೊರಬಿದ್ದಂತೆ.

ಇನ್ನು ಸಾಲುಗಳನ್ನು ಒಂದೊಂದಾಗಿ ನೋಡೋಣ. ‘ಒಮೆದೆತೋ’ ಎಂಬುದು ಅಭಿನಂದನೆಯ ಮಾತು. ಬೇರೊಬ್ಬ ದಂಪತಿಗಳಿಗೆ ಹೇಳುವಾಗ ಅದು ತೀರ ಸಹಜ. ಆದರೆ ಈ ದಿನ ಇಬ್ಬರದೂ ಅಲ್ಲವೆ? ತಮ್ಮ ಮನೆಯ ಹಬ್ಬಕ್ಕೆ ತಾವೇ ಅತಿಥಿಯಾಗಿ ಬಂದು ಹರಸಿದಂತಾಗುವುದುಂಟು. ಹಾಗೆ ಹೇಳಿಕೊಳ್ಳುವ ದಂಪತಿಗಳು ಇಲ್ಲವೆಂದಲ್ಲ. ಆದರೂ ಗಂಡಹೆಂಡಿರ ನಡುವೆ ಆ ದಿನ ಹೆಚ್ಚು ಒಪ್ಪುವ ಮಾತು ‘ಅರಿಗತೋ’, ಕೃತಜ್ಞತೆಯ ಮಾತು.

ಎರಡನೆಯದು ಎದೆ ನಡುಗಿಸಿದ ಸಾಲು. ‘ಗೊಜಾಇಮಸು’ ವರ್ತಮಾನ, ‘ಗೊಜಾಇಮಶಿತಾ’ ಭೂತ. ಕಳೆದ ಹತ್ತು ವರ್ಷಗಳಿಗೆ ಕೃತಜ್ಞತೆ ಹೇಳುವಾಗ ಭೂತಕಾಲವೇ ಸರಿಯೆಂದು ಯಾರಿಗಾದರೂ ತೋರೀತು. ಆದರೆ ಜಪಾನೀಯರು ಆ ಭೂತರೂಪವನ್ನು ಆಡುವುದು ಮುಗಿದ ಉಪಕಾರಕ್ಕೆ. ನಿವೃತ್ತನಾಗಿ ಕಚೇರಿ ಬಿಡುವವನು, ಊರು ಬಿಟ್ಟು ಹೊರಡುವ ಬಾಡಿಗೆದಾರ ಹೀಗೆ ಹೇಳಿ ಕೈಮುಗಿಯುತ್ತಾರೆ. ‘ಹತ್ತು ವರ್ಷಗಳ ಕಾಲ’ ಎಂಬ ಲೆಕ್ಕದೊಡನೆ ಹೆಂಡತಿಯೇ ಹಾಗೆ ಬರೆದುಬಿಟ್ಟರೆ, ಅದು ಬೀಳ್ಕೊಡುವ ಮಾತಿನಂತೆ ಕೇಳಿಸುತ್ತದೆ! ನಡೆಯುತ್ತಲೇ ಇರುವ ಬಾಳಿಗೆ ಬರಿಯ ‘ಅರಿಗತೋ’ ಸಾಕು.

ಯಾವುದಕ್ಕೆ ಕೃತಜ್ಞತೆ ಎಂಬುದೂ ಮುಖ್ಯ. ‘ನೆರವಾದುದಕ್ಕೆ’ ಎಂಬುದು ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ತಾನು ಕಾಯಿಲೆ ಬಿದ್ದಾಗ ಆತ ಹಾಸಿಗೆಯ ಬಳಿ ಕುಳಿತಿದ್ದುದು ಆಕೆಯ ಮನಸ್ಸಿನಲ್ಲಿದ್ದರೆ, ಅದನ್ನೇ ಬರೆಯಲಿ: “ಬ್ಯೋಕಿ ನೊ ತೊಕಿ ಮೊ, ಸೊಬಾ ನಿ ಇತೆ ಕುರೆತೆ, ಅರಿಗತೋ.” ಇಲ್ಲಿನ ‘ಕುರೆತೆ’ ಎಂಬ ಪುಟ್ಟ ಪದವನ್ನು ಗಮನಿಸಬೇಕು. ‘ಓದಿ ಹೇಳಿಕೊಟ್ಟರು’, ‘ಬರೆದುಕೊಟ್ಟೆ’ ಎಂದು ನಾವೂ ಕ್ರಿಯೆಗೆ ‘ಕೊಡು’ವನ್ನು ಜೋಡಿಸುತ್ತೇವೆ. ಆದರೆ ನಾನು ಕೊಟ್ಟರೂ ‘ಕೊಡು’, ನೀವು ಕೊಟ್ಟರೂ ‘ಕೊಡು’. ಜಪಾನೀ ಭಾಷೆಯಲ್ಲಿ ನನ್ನಿಂದ ಹೊರಗೆ ಹೋಗುವ ಕೊಡುಗೆಗೆ ‘ಅಗೆರು’, ನನ್ನೆಡೆಗೆ ಬರುವ ಕೊಡುಗೆಗೆ ‘ಕುರೆರು’. ನಿಘಂಟಿನಲ್ಲಿ ‘ಕೊಡು’ ಎಂಬುದಕ್ಕೆ ಮೊದಲು ಸಿಕ್ಕಿದ ‘ಅಗೆರು’ವನ್ನು ಬಳಸಿದರೆ ಉಪಕಾರದ ಪ್ರವಾಹ ಹಿಂದುಮುಂದಾಗುತ್ತದೆ. ‘ಕುರೆತೆ’ ಎಂದಾಗ ‘ನೀವು’, ‘ನನಗೆ’ ಎಂಬ ಸರ್ವನಾಮಗಳೂ ಬೇಕಿಲ್ಲ; ಯಾರಿಂದ ಯಾರಿಗೆ ಎಂಬುದು ಆ ಪದದಲ್ಲಿಯೇ ಇದೆ. ಆಕೆ ಮೊದಲು ಬರೆದ ‘ಕುದಸಾಇಮಶಿತೆ’ ಇದೇ ಪದದ ಗೌರವರೂಪದಿಂದ ಬಂದದ್ದು. ಎತ್ತರವನ್ನು ಕಳೆದು ದಿಕ್ಕನ್ನು ಉಳಿಸಿಕೊಂಡರೆ ‘ಕುರೆತೆ’ ಉಳಿಯುತ್ತದೆ.

ಕರೆಯುವ ಮಾತೊಂದು ಉಳಿಯಿತು. ‘ನೀವು’ ಎಂಬುದಕ್ಕೆ ನಿಘಂಟು ‘ಅನತಾ’ ಎನ್ನುತ್ತದೆ. ಆದರೆ ಅದು ನಮ್ಮ ‘ನೀವು’ವಿನಂತೆ ಹಿರಿಯರಿಗೆ ಸಲ್ಲುವ ಪದವಲ್ಲ. ಹೆಂಡತಿ ಗಂಡನನ್ನು ‘ಅನತಾ’ ಎಂದಾಗ ನಮ್ಮ ‘ರೀ’ ಎಂಬುದರ ಬಳಿಸಾರುತ್ತದೆ, ನಿಜ. ಆದರೂ ಮನೆಯಲ್ಲಿ ಹೇಗೆ ಕರೆಯುವಳೋ ಹಾಗೆಯೇ, ಹೆಸರಿಗೆ ‘ಸಾನ್’ ಸೇರಿಸಿ ಮೇಲೆ ಬರೆಯುವುದು ಲೇಸು. ಗಂಡನ ಹೆಸರೆತ್ತಲು ನಮ್ಮ ಅಜ್ಜಿಯರಿಗಿದ್ದ ಸಂಕೋಚ ಇಲ್ಲಿ ಬೇಡ. ಹೆಸರಿನ ಬಳಿಕ ‘ಎ’ ಎಂಬ ಪ್ರತ್ಯಯ, ‘ಇವರಿಗೆ’ ಎಂಬರ್ಥದ್ದು. ಬರೆಯುವ ಅಕ್ಷರ ‘ಹೆ’, ಓದುವುದು ‘ಎ’. ಕೆಳಗೆ ತನ್ನ ಹೆಸರು, ‘ಸಾನ್’ ಇಲ್ಲದೆ, ‘ಯೊರಿ’ ಎಂಬ ಪ್ರತ್ಯಯದೊಡನೆ. ಅದು ‘ಇಂದ’ ಎಂಬುದಕ್ಕೆ ಸಮಾನ.

ನಡುವೆ ಇರುವುದು ಮೂರೇ ಸಾಲು: “ಕ್ಯೋ ದೆ ಕೆಕ್ಕೊನ್ ಜೂನೆನ್ ದೆಸು ನೆ. ಬ್ಯೋಕಿ ನೊ ತೊಕಿ ಮೊ, ಸೊಬಾ ನಿ ಇತೆ ಕುರೆತೆ, ಅರಿಗತೋ. ಕೊರೆ ಕರಾ ಮೊ ಯೊರೊಶಿಕು ಒನೆಗಾಇಶಿಮಸು.” ಇಂದಿಗೆ ಮದುವೆಯಾಗಿ ಹತ್ತು ವರ್ಷವಾಯಿತಲ್ಲವೆ, ಕಾಯಿಲೆಯಲ್ಲಿಯೂ ನನ್ನ ಬಳಿಯೇ ಇದ್ದಿರಿ, ಅದಕ್ಕೆ ನನ್ನ ಕೃತಜ್ಞತೆ, ಇನ್ನು ಮುಂದೆಯೂ ಹೀಗೆಯೇ ನಡೆಸಿಕೊಳ್ಳಿ.

ಈ ಕೊನೆಯ ವಿವರಣೆಯಲ್ಲಿ ‘ಇದ್ದಿರಿ’, ‘ನಡೆಸಿಕೊಳ್ಳಿ’ ಎಂಬ ಬಹುವಚನ ತಾನಾಗಿಯೇ ಬಂದುಬಿಟ್ಟಿತೆಂಬುದನ್ನು ವಾಚಕರು ಗಮನಿಸಿರಬಹುದು. ಜಪಾನೀ ಸಾಲುಗಳಲ್ಲಿ ಅದಕ್ಕೆ ಸಾಟಿಯಾದ ಪ್ರತ್ಯಯ ಎಲ್ಲಿಯೂ ಇಲ್ಲ. ಅದರ ಸ್ಥಾನದಲ್ಲಿ, ನನ್ನೆಡೆಗೆ ಬಂದದ್ದೆಂದು ತೋರುವ ‘ಕುರೆತೆ’ ಇದೆ.