ವಿಡಿಯೋ ಸಂಕಲನಕ್ಕೆ ಕಾರ್ಯಾದೇಶ ಪತ್ರ: ಅವಧಿ ಮತ್ತು ಪರಿಷ್ಕರಣೆಯ ಮಿತಿ

ಪತ್ರಿಕೋದ್ಯಮ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಸಾಕ್ಷ್ಯಚಿತ್ರದ ಚಿತ್ರೀಕರಣವನ್ನು ತಾವೇ ನಡೆಸಿ, ಕಾಲೇಜು ಅನುಮತಿಸಿದಲ್ಲಿ ಸಂಕಲನವನ್ನು ಮಾತ್ರ ಹೊರಗಿನ ಸ್ವತಂತ್ರ ಸಂಕಲನಕಾರರಿಗೆ ವಹಿಸುವುದುಂಟು. ಮೊತ್ತವು ಸಣ್ಣದಾದ್ದರಿಂದ ವ್ಯವಹಾರವು ಬಹುತೇಕ ದೂರವಾಣಿಯ ಮಾತಿನಲ್ಲಿಯೇ ಮುಗಿಯುತ್ತದೆ. ಇಂತಹ ವ್ಯವಹಾರದಲ್ಲಿ ಶುಲ್ಕದ ಬಗ್ಗೆ ತಕರಾರು ಏಳುವುದು ಅಪರೂಪ. "ಇನ್ನೊಂದು ಸಣ್ಣ ಬದಲಾವಣೆ" ಎಂಬ ಕೋರಿಕೆ ನಾಲ್ಕನೆಯ ಬಾರಿ ಬಂದಾಗ ಮನಸ್ತಾಪ ಆರಂಭವಾಗುತ್ತದೆ. ತಮ್ಮ ಉತ್ಪನ್ನದ ಕಿರುಚಿತ್ರ ಮಾಡಿಸುವ ಸಣ್ಣ ಉದ್ದಿಮೆದಾರರ ಅನುಭವವೂ ಇದಕ್ಕಿಂತ ಭಿನ್ನವಾಗಿಲ್ಲ.

ಧಾರವಾಡದ ವಿದ್ಯಾರ್ಥಿನಿಯೊಬ್ಬಳು ನವಲಗುಂದದ ಜಮಖಾನೆ ನೇಕಾರರನ್ನು ಕುರಿತು ಹತ್ತು ನಿಮಿಷಗಳ ಸಾಕ್ಷ್ಯಚಿತ್ರ ತಯಾರಿಸುತ್ತಿರುವಳೆಂದು ಭಾವಿಸೋಣ. ಆಕೆ ಸಂಕಲನಕಾರರಿಗೆ ಬರೆಯುವ ಪತ್ರದ ಮೊದಲ ಭಾಗ ಹೀಗಿರಬಹುದು:

"ಮಾನ್ಯರೇ, ಎರಡು ಕ್ಯಾಮೆರಾಗಳಲ್ಲಿ ಚಿತ್ರಿಸಿದ ಒಟ್ಟು 4 ಗಂಟೆಗಳ ಫುಟೇಜ್ ಇದೆ. ಇದರಲ್ಲಿ ಮೂರು ಸಂದರ್ಶನಗಳಿದ್ದು, ಅವುಗಳ ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಲಾಗಿದೆ. ಸಿದ್ಧ ಚಿತ್ರವು 9ರಿಂದ 10 ನಿಮಿಷಗಳಷ್ಟಿರಬೇಕು. ಇಂಗ್ಲಿಷ್ ಅಡಿಬರಹಗಳ ಪಠ್ಯವನ್ನು ನಾನೇ ಒದಗಿಸುತ್ತೇನೆ. ತಾವು 1920x1080 ಅಳತೆಯ MP4 ಕಡತವನ್ನು ನೀಡಬೇಕಾಗಿ ಕೋರುತ್ತೇನೆ."

ಇಲ್ಲಿ ಫುಟೇಜಿನ ಪ್ರಮಾಣವೇ ಮುಖ್ಯ ಸಂಗತಿ. ಸಿದ್ಧ ಚಿತ್ರದ ಉದ್ದವನ್ನಷ್ಟೇ ತಿಳಿದು ಶುಲ್ಕ ಹೇಳಿದ ಸಂಕಲನಕಾರರು, ಹತ್ತು ನಿಮಿಷಕ್ಕಾಗಿ ನಾಲ್ಕು ಗಂಟೆಗಳನ್ನು ನೋಡಿ ಆಯಬೇಕೆಂದು ನಂತರ ಅರಿತರೆ ಅಸಮಾಧಾನ ಸಹಜ. ಪ್ರತ್ಯೇಕವಾಗಿ ಮುದ್ರಿಸಿದ ಧ್ವನಿಯನ್ನು ಚಿತ್ರದ ತುಟಿಚಲನೆಗೆ ಹೊಂದಿಸುವುದೂ ಸಮಯ ಬೇಡುವ ಕೆಲಸ. "ಚೆನ್ನಾಗಿ ಮಾಡಿಕೊಡಿ" ಎಂಬುದು ಅವಶ್ಯಕತೆಯ ವಿವರಣೆಯಾಗದು. ಅರ್ಥ ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲಾಗದ ಕರಾರು ಶೂನ್ಯವೆಂದು ಭಾರತೀಯ ಕರಾರು ಕಾಯ್ದೆ, 1872ರ ಕಲಂ 29 ಹೇಳುತ್ತದೆ.

ಅವಧಿಯನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಪಡಿಸುವುದು ಯೋಗ್ಯ. ಕಾಲೇಜಿಗೆ ಸಲ್ಲಿಸುವ ದಿನ ಮಾರ್ಚ್ 20 ಆದರೆ, ಅಂತಿಮ ಕಡತವು ಮಾರ್ಚ್ 18ಕ್ಕೆ ಕೈಸೇರಬೇಕು. ಧ್ವನಿ, ಬಣ್ಣ ಮತ್ತು ಅಡಿಬರಹಗಳ ಕೆಲಸಕ್ಕೆ ಮೂರು ದಿನ ಬಿಟ್ಟರೆ, ದೃಶ್ಯಗಳ ಜೋಡಣೆಯು ಮಾರ್ಚ್ 15ಕ್ಕೆ ಸ್ಥಿರಗೊಳ್ಳಬೇಕು. ಮೊದಲ ಪ್ರತಿ ಮಾರ್ಚ್ 2ಕ್ಕೆ ದೊರೆತರೆ ಮಾತ್ರ ನಡುವೆ ಎರಡು ಪರಿಷ್ಕರಣೆಗಳಿಗೆ ಅವಕಾಶ ಉಳಿಯುತ್ತದೆ. ಅದಕ್ಕಾಗಿ ವಿದ್ಯಾರ್ಥಿನಿಯು ಫುಟೇಜ್ ಇರುವ ಹಾರ್ಡ್ ಡಿಸ್ಕನ್ನು ಫೆಬ್ರವರಿ 20ಕ್ಕೆ ಒಪ್ಪಿಸಬೇಕಾಗುತ್ತದೆ. ಎರಡು ದಿನಗಳ ಬಿಡುವನ್ನು ಗುಟ್ಟಾಗಿಟ್ಟು "18 ಕೊನೆಯ ದಿನ" ಎಂದು ಬರೆಯುವವರುಂಟು; ಎರಡೂ ದಿನಾಂಕಗಳನ್ನು ತಿಳಿಸುವುದೇ ಮೇಲು. ವಿದ್ಯಾರ್ಥಿನಿಯ ಕಡೆಯಿಂದ ಎಷ್ಟು ದಿನ ತಡವಾಗುವುದೋ ಅಷ್ಟೇ ದಿನ ಸಂಕಲನಕಾರರ ಗಡುವೂ ಮುಂದೆ ಹೋಗುವುದೆಂಬ ವಾಕ್ಯವೂ ಪತ್ರದಲ್ಲಿರಬೇಕು.

ಅವಧಿಯು ಕರಾರಿನ ಸಾರಭೂತ ಅಂಶವೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯುವುದರಿಂದ ಪ್ರಯೋಜನವಿದೆ. ಅಂತಹ ಕರಾರಿನಲ್ಲಿ ಗಡುವು ತಪ್ಪಿದರೆ, ಕಲಂ 55ರ ಪ್ರಕಾರ ಕರಾರನ್ನು ರದ್ದುಗೊಳಿಸುವ ಆಯ್ಕೆ ವಿದ್ಯಾರ್ಥಿನಿಗೆ ದೊರೆಯುತ್ತದೆ. ತಡವಾಗಿ ಬಂದ ಕಡತವನ್ನು ಆಕೆ ಮೌನವಾಗಿ ಸ್ವೀಕರಿಸಿದರೆ ಮಾತ್ರ, ಆ ವಿಳಂಬಕ್ಕೆ ಪರಿಹಾರ ಕೇಳುವ ಹಕ್ಕು ಉಳಿಯುವುದಿಲ್ಲ. ಪರಿಹಾರ ಕೇಳುವ ಉದ್ದೇಶವಿದ್ದಲ್ಲಿ ಸ್ವೀಕರಿಸುವ ಸಮಯದಲ್ಲಿಯೇ ಅದನ್ನು ತಿಳಿಸಬೇಕು. ಈ ಕೊನೆಯ ಅಂಶ ವರ್ತಕರಲ್ಲಿಯೂ ಹಲವರ ಗಮನಕ್ಕೆ ಬಂದಿಲ್ಲ.

ಇನ್ನು ಪರಿಷ್ಕರಣೆಯ ವಿಚಾರ. "ಎರಡು ಪರಿಷ್ಕರಣೆಗಳು" ಎಂದಷ್ಟೇ ಬರೆದರೆ ಸಾಲದು. ಬೆಳಿಗ್ಗೆ ಕಳುಹಿಸಿದ ಎರಡು ಸಲಹೆಗಳು ಮತ್ತು ಸಂಜೆ ನೆನಪಾದ ಒಂದು ಸಲಹೆ ಸೇರಿ ಒಂದು ಪರಿಷ್ಕರಣೆಯೋ ಎರಡೋ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಪತ್ರದ ಈ ಭಾಗ ಕೊಂಚ ವಿವರವಾಗಿರಬೇಕು:

"ಪ್ರತಿಯೊಂದನ್ನು ನೋಡಿದ ಮೇಲೆ ಸಮಯಸೂಚಿ ಸಹಿತವಾಗಿ ಒಂದೇ ಪಟ್ಟಿಯಲ್ಲಿ ನಾನು ಕಳುಹಿಸುವ ಎಲ್ಲ ಬದಲಾವಣೆಗಳೂ ಸೇರಿ ಒಂದು ಪರಿಷ್ಕರಣೆ. ಶುಲ್ಕದಲ್ಲಿ ಇಂತಹ ಎರಡು ಪರಿಷ್ಕರಣೆಗಳು ಸೇರಿವೆ. ತುಟಿಚಲನೆ ಹೊಂದದಿರುವುದು, ಅಡಿಬರಹವನ್ನು ನಾನು ಕೊಟ್ಟಂತೆ ಹಾಕದಿರುವುದು ಮುಂತಾದ ದೋಷಗಳ ತಿದ್ದುಪಡಿ ಈ ಎಣಿಕೆಗೆ ಸೇರದು. ಹೊಸ ಫುಟೇಜ್ ಸೇರಿಸುವುದು ಹಾಗೂ ದೃಶ್ಯಜೋಡಣೆಗೆ ಲಿಖಿತ ಒಪ್ಪಿಗೆ ನೀಡಿದ ಮೇಲಿನ ಬದಲಾವಣೆಗಳು ಹೆಚ್ಚುವರಿ ಕೆಲಸವೆನಿಸಿ, ಮುಂಗಡವಾಗಿ ತಿಳಿಸಿದ ಗಂಟೆಗಳಿಗೆ ಗಂಟೆಗೆ 500 ರೂ.ನಂತೆ ಪಾವತಿಸಲಾಗುವುದು."

ಲಿಖಿತ ಒಪ್ಪಿಗೆಯ ಈ ಹಂತವನ್ನು ಸಂಕಲನಕಾರರು ಪಿಕ್ಚರ್ ಲಾಕ್ ಎನ್ನುತ್ತಾರೆ. ಅದಕ್ಕೂ ಮುಂಚೆ ಒಂದು ದೃಶ್ಯವನ್ನು ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಅದರ ನಂತರ ಸಂಗೀತ, ಹಿನ್ನೆಲೆ ಧ್ವನಿ ಮತ್ತು ಅಡಿಬರಹಗಳೆಲ್ಲ ಆ ಜೋಡಣೆಯ ಸಮಯಕ್ಕೆ ಕಟ್ಟಿಕೊಂಡಿರುತ್ತವೆ.

ಉದಾಹರಣೆಯನ್ನು ಮುಂದುವರಿಸುವುದಾದರೆ, ಮಾರ್ಚ್ 16ರಂದು ಮೊದಲ ಬಾರಿಗೆ ಚಿತ್ರವನ್ನು ನೋಡಿದ ಮಾರ್ಗದರ್ಶಕರು, 03:12ರಲ್ಲಿ ಬರುವ 40 ಸೆಕೆಂಡುಗಳ ಮಾತು ಆಧಾರವಿಲ್ಲದ ಹೇಳಿಕೆಯೆಂದು ತೆಗೆಯಲು ಸೂಚಿಸಿದರು. ಅದನ್ನು ಕತ್ತರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಅಡಿಬರಹಗಳೂ 40 ಸೆಕೆಂಡು ಹಿಂದಕ್ಕೆ ಸರಿಯಬೇಕು, ಸಂಗೀತವನ್ನು ಮತ್ತೆ ಬೆಸೆಯಬೇಕು. ಸಂಕಲನಕಾರರು ನಾಲ್ಕು ಗಂಟೆ, ಅಂದರೆ 2,000 ರೂ. ಅಂದಾಜು ನೀಡಿ, ಅದರೊಡನೆ ಇನ್ನೊಂದು ದಾರಿಯನ್ನೂ ಸೂಚಿಸಿದರು. ಮಾತನ್ನು ಮಾತ್ರ ತೆಗೆದು, ಅಷ್ಟೇ ಉದ್ದದ ಮಗ್ಗದ ದೃಶ್ಯಗಳನ್ನು ಮಗ್ಗದ ಸದ್ದಿನೊಂದಿಗೆ ಅಲ್ಲಿ ಕೂರಿಸಿದರೆ ಚಿತ್ರದ ಉದ್ದ ಬದಲಾಗದು. ಒಂದು ಗಂಟೆ ಸಾಕು. ವಿದ್ಯಾರ್ಥಿನಿ 500 ರೂ.ಗೆ ಒಪ್ಪಿದಳು, ಕಡತ 18ರಂದೇ ಬಂದಿತು. ದರ ಮೊದಲೇ ಬರೆದಿದ್ದರಿಂದ ಚರ್ಚೆಯು ಹಣದ ಕಡೆಗೆ ಹೊರಳದೆ ಕೆಲಸದ ವಿಧಾನದ ಮೇಲೆ ನಿಂತಿತು. ಆದರೂ ಮಾರ್ಗದರ್ಶಕರಿಗೆ ಮಾರ್ಚ್ 2ರ ಪ್ರತಿಯನ್ನೇ ತೋರಿಸಿ, ಅವರ ಸಲಹೆಯನ್ನು ಮೊದಲ ಪಟ್ಟಿಯಲ್ಲಿಯೇ ಸೇರಿಸಿದ್ದರೆ ಆ 500 ರೂ. ಕೂಡ ಉಳಿಯುತ್ತಿತ್ತು.

ಶುಲ್ಕವನ್ನು ಕೆಲಸದ ಹಂತಗಳಿಗೆ ಜೋಡಿಸುವುದು ಉಭಯತರಿಗೂ ಕ್ಷೇಮ. 12,000 ರೂ. ಶುಲ್ಕವಾದರೆ ಫುಟೇಜ್ ಒಪ್ಪಿಸುವಾಗ, ಮೊದಲ ಪ್ರತಿ ಬಂದಾಗ ಮತ್ತು ಅಂತಿಮ ಕಡತ ಪಡೆಯುವಾಗ ತಲಾ 4,000 ರೂ. ನೀಡಬಹುದು. ವ್ಯಾಪಾರ ಅಥವಾ ವೃತ್ತಿಯಿಲ್ಲದ ವಿದ್ಯಾರ್ಥಿನಿಯು ಈ ಮೊತ್ತದಿಂದ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಾಗಿಲ್ಲ. ಸಂಕಲನಕಾರರು ಜಿಎಸ್‌ಟಿ ನೋಂದಣಿ ಹೊಂದಿರಬಹುದಾದ್ದರಿಂದ ಶುಲ್ಕವು ತೆರಿಗೆ ಸೇರಿದ್ದೋ ಪ್ರತ್ಯೇಕವೋ ಎಂಬುದನ್ನು ಪತ್ರದಲ್ಲಿಯೇ ತಿಳಿಸಬೇಕು. ಸಂಕಲನ ತಂತ್ರಾಂಶದ ಪ್ರಾಜೆಕ್ಟ್ ಕಡತ ಬೇಕಿದ್ದರೆ ಅದನ್ನೂ ಮೊದಲೇ ಕೇಳಬೇಕು. ಅಂತಿಮ ಚಿತ್ರದೊಂದಿಗೆ ಅದು ತಾನಾಗಿಯೇ ಬರುವುದೆಂದು ಭಾವಿಸಬಾರದು.

ಪತ್ರ ಕಳುಹಿಸಿದ ಮಾತ್ರಕ್ಕೆ ಕರಾರು ಏರ್ಪಡುವುದಿಲ್ಲ, ಅದು ಪ್ರಸ್ತಾಪವಷ್ಟೇ. ಕಲಂ 7ರಂತೆ ಅಂಗೀಕಾರವು ಷರತ್ತಿಲ್ಲದ್ದಾಗಿರಬೇಕು. "ಒಪ್ಪಿದೆ, ಆದರೆ ಮೊದಲ ಪ್ರತಿ ಮಾರ್ಚ್ 5ಕ್ಕೆ" ಎಂಬ ಉತ್ತರವು ಹೊಸ ಪ್ರಸ್ತಾಪವೆನಿಸುತ್ತದೆ. ಅದಕ್ಕೆ ವಿದ್ಯಾರ್ಥಿನಿಯು ಮರುಉತ್ತರ ಬರೆದು, ಮುಂದಿನ ದಿನಾಂಕಗಳನ್ನೂ ತಿದ್ದಿ ಒಪ್ಪಿಕೊಳ್ಳಬೇಕು. ಈ ಪತ್ರವ್ಯವಹಾರವು ಇ-ಮೇಲ್ ಮೂಲಕ ನಡೆದರೂ ಸಾಕು. ಕೇವಲ ವಿದ್ಯುನ್ಮಾನ ಮಾಧ್ಯಮ ಬಳಸಿದ ಕಾರಣಕ್ಕೆ ಕರಾರು ಜಾರಿಗೆ ಅನರ್ಹವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 10ಎ ತಿಳಿಸುತ್ತದೆ. ಆದರೆ ಪತ್ರ ಬರೆಯುವ ದಿನ ವಿದ್ಯಾರ್ಥಿನಿಗೆ 18 ವರ್ಷ ತುಂಬಿರಬೇಕು.