ಒಂಬತ್ತನೇ ಷರತ್ತು ಈಗ ಎಷ್ಟನೆಯದು?

ಒಂದು ಮಳಿಗೆಯ ಬಾಡಿಗೆ ಕರಾರು ಇದೆ ಎಂದುಕೊಳ್ಳಿ. 2019ರ ಜೂನ್ 14ರಂದು ಸಹಿಯಾಗಿದೆ, ಜೂನ್ 18ರಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದೆ. ಅವಧಿ ಜುಲೈ 1ರಿಂದ ಒಂಬತ್ತು ವರ್ಷ. ಇದರ 8ನೇ ಷರತ್ತು ರಿಪೇರಿಯದು: ಚಾವಣಿ ಸೋರಿದರೆ, ಬಾಡಿಗೆದಾರರು ಬರೆದು ತಿಳಿಸಿದ ಮೂರು ತಿಂಗಳೊಳಗೆ ಮಾಲೀಕರು ಸರಿಪಡಿಸಬೇಕು. 9ನೇ ಷರತ್ತು ಖಾಲಿ ಮಾಡುವ ನೋಟಿಸಿನದು: ಯಾರೇ ಕರಾರು ಮುಗಿಸಬೇಕೆಂದರೂ ಮೂರು ತಿಂಗಳು ಮೊದಲು ತಿಳಿಸಬೇಕು. 2022ರ ಫೆಬ್ರುವರಿ 9ರಂದು ಮೊದಲ ತಿದ್ದುಪಡಿ ಆಯಿತು. ವಾಹನ ನಿಲ್ಲಿಸುವ ಜಾಗದ ಬಗ್ಗೆ ಹೊಸದೊಂದು ಷರತ್ತನ್ನು 5 ಎಂದು ಸೇರಿಸಿ, ಮುಂದಿನವನ್ನೆಲ್ಲ ಒಂದೊಂದು ಅಂಕೆ ಮುಂದಕ್ಕೆ ತಳ್ಳಿದರು.

ಈಗ ಎರಡನೇ ತಿದ್ದುಪಡಿ. ನೋಟಿಸಿನ ಅವಧಿಯನ್ನು ಆರು ತಿಂಗಳಿಗೆ ಏರಿಸಲು ಇಬ್ಬರೂ ಒಪ್ಪಿದ್ದಾರೆ. ಕರಡಿನಲ್ಲಿ ಹೀಗಿದೆ: ‘ಸದರಿ ಕರಾರಿನ 9ನೇ ಷರತ್ತಿನಲ್ಲಿರುವ ಮೂರು ತಿಂಗಳು ಎಂಬುದರ ಬದಲಿಗೆ ಆರು ತಿಂಗಳು ಎಂದು ಓದಿಕೊಳ್ಳತಕ್ಕದ್ದು.’ ಓದಲು ಏನೂ ತಪ್ಪು ಕಾಣುವುದಿಲ್ಲ. ಆದರೆ ಇವತ್ತಿನ 9ನೇ ಷರತ್ತು ಎಂದರೆ ಹಳೆಯ 8, ಅಂದರೆ ರಿಪೇರಿಯದು. ಅಲ್ಲಿಯೂ ‘ಮೂರು ತಿಂಗಳು’ ಎಂಬ ಮಾತು ಇರುವುದರಿಂದ ಬದಲಾವಣೆ ತಕರಾರಿಲ್ಲದೆ ಕೂತುಬಿಡುತ್ತದೆ. ಸೋರುವ ಚಾವಣಿಗೆ ಮಾಲೀಕರಿಗೆ ಆರು ತಿಂಗಳು ಸಿಕ್ಕಿತು, ನೋಟಿಸು ಮೂರೇ ತಿಂಗಳಲ್ಲಿ ಉಳಿಯಿತು.

ಕಾಗುಣಿತ ನೋಡುವ ಕಣ್ಣಿಗೆ ಇಂಥ ತಪ್ಪು ಸಿಗುವುದಿಲ್ಲ. ತಿದ್ದುಪಡಿ ಪತ್ರವನ್ನು ಎಷ್ಟು ಸಲ ಓದಿದರೂ ಸಿಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಆ ಪತ್ರಕ್ಕೂ ಇನ್ನೊಂದು ಪತ್ರಕ್ಕೂ ನಡುವೆ. ಹಾಗಾಗಿ ಮೊದಲ ಕೆಲಸ, ಮೂಲ ಕರಾರು ಮತ್ತು ಅದಕ್ಕೆ ಆಗಿರುವ ಎಲ್ಲ ತಿದ್ದುಪಡಿಗಳ ನೋಂದಾಯಿತ ಪ್ರತಿಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು. ಕಂಪ್ಯೂಟರಿನಲ್ಲಿರುವ ಫೈಲು ಸಾಲದು. ಸಹಿಗೆ ಮುಂಚಿನ ಗಡಿಬಿಡಿಯಲ್ಲಿ ಸೇರಿಸಿದ ಒಂದು ಷರತ್ತು ಆ ಫೈಲಿನಲ್ಲಿ ಇಲ್ಲದೇ ಹೋಗಿರಬಹುದು. ಮೂಲ ಪ್ರತಿ ಕೈಯಲ್ಲಿಲ್ಲದಿದ್ದರೆ ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತರಿಸಬೇಕು.

ಆಮೇಲೆ ಮೂಲ ಕರಾರಿನ ಒಂದು ಜೆರಾಕ್ಸ್ ಮೇಲೆ ಮೊದಲ ತಿದ್ದುಪಡಿಯ ಬದಲಾವಣೆಗಳನ್ನು ಪೆನ್ನಿನಲ್ಲಿ ನಿಜವಾಗಿಯೂ ಮಾಡಬೇಕು: ಹೊಸ 5 ಬರೆದು, ಹಳೆಯ 5ನ್ನು 6 ಮಾಡಿ, ಕೊನೆಯವರೆಗೆ. ಅದರ ಮೇಲೆ ಬೇರೆ ಬಣ್ಣದಲ್ಲಿ ಎರಡನೇ ತಿದ್ದುಪಡಿಯನ್ನು ಇಳಿಸಬೇಕು. ಕರಡು ಹೇಳಿದ ಜಾಗಕ್ಕೇ ಹೋಗಿ, ಹೇಳಿದ ಪದವನ್ನೇ ಹೊಡೆದು, ಹೊಸ ಪದ ಬರೆದು, ಆ ಷರತ್ತನ್ನು ಪೂರ್ತಿ ಓದಿ. ನಮ್ಮ ಉದಾಹರಣೆಯಲ್ಲಿ ಪೆನ್ನು ಚಾವಣಿಯ ಸಾಲಿನ ಮೇಲೆ ನಿಂತ ಕೂಡಲೇ ಎಡವಟ್ಟು ಗೊತ್ತಾಗುತ್ತದೆ. ಇದೇ ಓದಿನಲ್ಲಿ ಇನ್ನೊಂದೂ ಹೊರಬರುತ್ತದೆ. ಬಾಡಿಗೆ ಬಾಕಿಯ ಷರತ್ತು ‘9ನೇ ಷರತ್ತಿನಂತೆ ನೋಟಿಸು ಕೊಟ್ಟು’ ಎನ್ನುತ್ತಿದ್ದರೆ, ಅದನ್ನು ಮೊದಲ ತಿದ್ದುಪಡಿಯವರು 10 ಮಾಡಿದ್ದಾರೆಯೇ? ಅಂಕೆಗಳನ್ನು ತಳ್ಳಿದವರು ಒಳಗಿನ ಉಲ್ಲೇಖಗಳನ್ನು ತಳ್ಳಲು ಮರೆಯುವುದೇ ಹೆಚ್ಚು. ಶಾಸನ ಬರೆಯುವವರು ಈ ರಗಳೆಗೇ ಹೋಗುವುದಿಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣದ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದಾಗ ಅದು 21ಎ ಆಯಿತು, 22 ಇದ್ದಲ್ಲೇ ಇತ್ತು. ಬಾಡಿಗೆ ಕರಾರಿಗೂ 4ಎ ಎಂದು ಸೇರಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಸರಿಪಡಿಸುವಾಗ ಬರೀ 9 ಹೊಡೆದು 10 ಬರೆದರೆ ಸಾಕಾಗದು. ‘ದಿನಾಂಕ 09-02-2022ರ ಮೊದಲ ತಿದ್ದುಪಡಿಯಿಂದ 10 ಎಂದು ಮರುಸಂಖ್ಯೆ ಪಡೆದ, ಕರಾರು ಮುಗಿಸುವ ನೋಟಿಸಿಗೆ ಸಂಬಂಧಿಸಿದ ಷರತ್ತು’ ಎಂದು ಬರೆದು, ಹಳೆಯ ವಾಕ್ಯವನ್ನು ಇಡಿಯಾಗಿ ಉದ್ಧರಿಸಿ, ಕೆಳಗೆ ಹೊಸ ವಾಕ್ಯ ಕೊಡಿ. ಅಂಕೆ, ವಿಷಯ, ಮಾತು ಮೂರೂ ಇದ್ದಾಗ ಒಂದು ತಪ್ಪಿದರೂ ಉಳಿದೆರಡು ದಾರಿ ತೋರಿಸುತ್ತವೆ.

ಕಂಪ್ಯೂಟರು ತರುವ ತಪ್ಪುಗಳೂ ಇವೆ. ಮೂಲ ಕರಾರಿನ ಷರತ್ತನ್ನು ವರ್ಡ್ ಫೈಲಿನಿಂದ ನಕಲು ಮಾಡಿ ತಿದ್ದುಪಡಿಯಲ್ಲಿ ಅಂಟಿಸಿದರೆ, ಅದರ ತಾನೇ ಬರುವ ಅಂಕೆ ಹೊಸ ಪತ್ರದ ಸಾಲಿಗೆ ಹೊಂದಿಕೊಂಡು 10 ಇದ್ದದ್ದು 3 ಆಗಬಹುದು. ಕೊಂಡಿ ಕಡಿದ ಉಲ್ಲೇಖದ ಜಾಗದಲ್ಲಿ `Error! Reference source not found.` ಎಂದು ಅಚ್ಚಾಗುವುದೂ ಉಂಟು. ಅದು ಕಣ್ಣಿಗೆ ಬೀಳುತ್ತದೆ, ಸದ್ದಿಲ್ಲದೆ ಬದಲಾದ ಅಂಕೆ ಬೀಳುವುದಿಲ್ಲ. ಕನ್ನಡದ ಪತ್ರಗಳಲ್ಲಿ ‘9’ ಹುಡುಕಿದರೆ ‘೯’ ಸಿಗುವುದಿಲ್ಲ. ಹಳೆಯ ನುಡಿ ಅಕ್ಷರದಲ್ಲಿ ಟೈಪಾದ ಫೈಲಿನಲ್ಲಿ ಯೂನಿಕೋಡಿನಲ್ಲಿ ‘ಷರತ್ತು’ ಎಂದು ಹುಡುಕಿದರೂ ಏನೂ ಸಿಗದು. ಹಾಗಾಗಿ ಕೊನೆಯ ತಾಳೆ ಅಚ್ಚಾದ ಹಾಳೆಯ ಮೇಲೇ ಆಗಬೇಕು. ಒಬ್ಬರು ತಿದ್ದುಪಡಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದಲ್ಲಿ ಬೆರಳಿಟ್ಟು ನೋಡಲಿ.

ದಿನಾಂಕಗಳ ತೊಡಕು ಬೇರೆ. ಒಂದೇ ಕರಾರಿನಲ್ಲಿ ನಾಲ್ಕು ತಾರೀಕು ಇರುತ್ತವೆ: ಇ-ಸ್ಟಾಂಪ್ ಕೊಂಡದ್ದು, ಸಹಿಯಾದದ್ದು, ನೋಂದಣಿಯಾದದ್ದು, ಬಾಡಿಗೆ ಶುರುವಾದದ್ದು. ಕರಾರನ್ನು ಗುರುತಿಸಲು ಬೇಕಾದದ್ದು ಸಹಿಯ ತಾರೀಕು, ಜೊತೆಗೆ ನೋಂದಣಿ ಸಂಖ್ಯೆ. ಆದರೆ ಮೊದಲ ಪುಟದ ನೆತ್ತಿಯಲ್ಲಿ ಕಾಣುವುದು ಇ-ಸ್ಟಾಂಪಿನ ತಾರೀಕು, ಟೈಪಿಸ್ಟು ಎತ್ತಿಕೊಳ್ಳುವುದೂ ಬಹುಪಾಲು ಅದನ್ನೇ. ನೋಂದಣಿ ಸಂಖ್ಯೆಯ ಜೊತೆಗಿರುವ ವರ್ಷ ಆರ್ಥಿಕ ವರ್ಷ ಎಂಬುದನ್ನೂ ಮರೆಯಬಾರದು. 2022ರ ಫೆಬ್ರುವರಿಯ ತಿದ್ದುಪಡಿ 2021-22ಕ್ಕೆ ಸೇರುತ್ತದೆ, 2022-23ಕ್ಕಲ್ಲ.

ಅವಧಿ ವಿಸ್ತರಿಸುವ ತಿದ್ದುಪಡಿಯಾದರೆ ಕೊನೆಯ ದಿನವನ್ನು ಬೆರಳೆಣಿಸಿ ಬರೆಯಬಾರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 110ನೇ ಕಲಂ ಪ್ರಕಾರ, ಇಂಥ ದಿನದಿಂದ ಎಂದು ಕರಾರು ಹೇಳಿದರೆ ಆ ದಿನ ಲೆಕ್ಕಕ್ಕೆ ಸೇರದು. ಬೇರೆ ಒಪ್ಪಂದ ಇಲ್ಲದಿದ್ದರೆ, ವರ್ಷಗಳ ಲೆಕ್ಕದ ಬಾಡಿಗೆ ವಾರ್ಷಿಕ ದಿನ ಪೂರ್ತಿ ಮುಗಿಯುವವರೆಗೆ ಇರುತ್ತದೆ. ಮೂಲದಲ್ಲಿ ‘30-06-2028ರವರೆಗೆ’ ಎಂದು ಸ್ಪಷ್ಟವಾಗಿದ್ದರೆ ವಿಸ್ತರಣೆ 01-07-2028ರಿಂದ. ‘01-07-2019ರಿಂದ ಒಂಬತ್ತು ವರ್ಷ’ ಎಂದಷ್ಟೇ ಇದ್ದರೆ 01-07-2028 ಕೂಡ ಹಳೆಯ ಅವಧಿಗೇ ಸೇರುತ್ತದೆ.

ಹೆಸರುಗಳಲ್ಲಿ ಅಕ್ಷರಕ್ಕಿಂತ ಪಾತ್ರ ಮುಖ್ಯ. ಮೂಲದಲ್ಲಿ ಮಾಲೀಕರು ‘ಒಂದನೇ ಪಾರ್ಟಿ’ ಆಗಿದ್ದು, ತಿದ್ದುಪಡಿಯ ನಮೂನೆಯಲ್ಲಿ ಬಾಡಿಗೆದಾರರ ಹೆಸರು ಮೊದಲು ಬಂದರೆ, ಬಾಡಿಗೆ ಯಾರು ಯಾರಿಗೆ ಕೊಡಬೇಕು ಎಂಬುದೇ ತಿರುಗಿಬೀಳುತ್ತದೆ. ಮಳಿಗೆ 2023ರಲ್ಲಿ ಬೇರೆಯವರಿಗೆ ಮಾರಾಟವಾಗಿದ್ದರೆ ‘ಈ ಪಾರ್ಟಿಗಳು 14-06-2019ರಂದು ಕರಾರು ಮಾಡಿಕೊಂಡಿದ್ದು’ ಎಂಬ ಮಾಮೂಲಿ ಸಾಲು ಸುಳ್ಳು. ಮೊದಲ ಮಾಲೀಕರು ಯಾರು, ಯಾವ ಕ್ರಯಪತ್ರದಿಂದ ಇವರಿಗೆ ಬಂತು ಎಂದು ಅಲ್ಲಿ ಬರೆಯಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಹೆಸರು ಬರಬೇಕು. ಬಾಡಿಗೆದಾರರ ಪಾಲುದಾರಿಕೆ ಸಂಸ್ಥೆ ಈಗ ಎಲ್‌ಎಲ್‌ಪಿ ಆಗಿದ್ದರೆ ಹಳೆಯ ಹೆಸರೂ ಹೊಸ ಹೆಸರೂ ಎರಡೂ ಬೇಕು. ಇನಿಷಿಯಲ್ ಮೂಲದಲ್ಲೊಂದು, ಆಧಾರಿನಲ್ಲೊಂದು ಇದ್ದರೆ ಎರಡನ್ನೂ ಕೊಟ್ಟು, ಇಬ್ಬರೂ ಒಬ್ಬರೇ ಎಂದು ತಿಳಿಸಬೇಕು. ಮೂಲದ ಹೆಸರನ್ನು ಸುಮ್ಮನೆ ‘ಸರಿ’ ಮಾಡುವುದು ಬೇಡ.

ನೋಂದಣಿ ಆದ ಮೇಲೆ ತಪ್ಪು ಸಿಕ್ಕಿದರೆ ಇಬ್ಬರೂ ಮತ್ತೆ ರೆಕ್ಟಿಫಿಕೇಷನ್ ಡೀಡ್ ಮಾಡಿಸಬೇಕು. ಒಬ್ಬರು ಒಪ್ಪದಿದ್ದರೆ ಉಳಿಯುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಕೋರ್ಟು, ಅಲ್ಲಿ ಇಬ್ಬರ ಉದ್ದೇಶವೂ ಬೇರೆಯಿತ್ತು ಎಂದು ರುಜುವಾತು ಮಾಡಬೇಕು. ಕಚೇರಿಗೆ ಹೊರಡುವ ಮುನ್ನವೇ ಸಿಕ್ಕಿದರೆ ಆ ಹಾಳೆಯನ್ನು ಮತ್ತೆ ಅಚ್ಚು ಹಾಕುವುದೇ ಒಳ್ಳೆಯದು. ಪೆನ್ನಿನಲ್ಲೇ ತಿದ್ದುವುದು ಅನಿವಾರ್ಯವಾದರೆ, ಸಹಿ ಮಾಡುವವರೆಲ್ಲರೂ ಆ ತಿದ್ದಿನ ಪಕ್ಕದಲ್ಲಿ ಸಹಿ ಅಥವಾ ಇನಿಷಿಯಲ್ ಹಾಕಲಿ. ಹಾಕದಿದ್ದರೆ ನೋಂದಣಿ ಕಾಯ್ದೆಯ 20ನೇ ಕಲಂ ಪ್ರಕಾರ ಸಬ್ ರಿಜಿಸ್ಟ್ರಾರರು ಪತ್ರವನ್ನು ತಿರಸ್ಕರಿಸಬಹುದು.